ಇಪ್ಪತ್ತು ತಿಂಗಳ ಆರ್‌ಡಿ ಮುರಿಸಿದೆ: ಬಡ್ಡಿಗಿಂತ ಹೆಚ್ಚು ಕಾಡಿದ್ದು ಆಟೋ ಟ್ರಾನ್ಸ್‌ಫರ್

2023ರ ಜೂನ್‌ನಲ್ಲಿ ಖಾಸಗಿ ಬ್ಯಾಂಕೊಂದರಲ್ಲಿ 36 ತಿಂಗಳ ಆರ್‌ಡಿ ತೆರೆದಿದ್ದೆ. ತಿಂಗಳಿಗೆ 5,000 ರೂಪಾಯಿ ಕಂತು, ಬಡ್ಡಿ ಶೇ. 7. ಇಪ್ಪತ್ತು ತಿಂಗಳು ಒಂದು ಕಂತೂ ತಪ್ಪಲಿಲ್ಲ, ಕಟ್ಟಿದ್ದು ಸರಿಯಾಗಿ ಒಂದು ಲಕ್ಷ ಆಯಿತು. 2025ರ ಫೆಬ್ರವರಿಯಲ್ಲಿ ಬೆಂಗಳೂರಲ್ಲಿ ಬಾಡಿಗೆ ಮನೆ ಬದಲಾಯಿಸುವಾಗ ಅಡ್ವಾನ್ಸ್‌ಗೆ ಅಷ್ಟೇ ಹಣ ಬೇಕಿತ್ತು. ಹಾಗಾಗಿ ಮುರಿಸಿದೆ.

ಅವಧಿಗೆ ಮೊದಲು ಮುಚ್ಚಿದರೆ ಶೇ. 1 ದಂಡ ಎಂದು ಬ್ಯಾಂಕ್ ಹೇಳುತ್ತದೆ. ಕಟ್ಟಿದ ಒಂದು ಲಕ್ಷದಲ್ಲಿ ಸಾವಿರ ರೂಪಾಯಿ ಹೋಗುತ್ತದೆ ಎಂದು ತುಂಬಾ ಜನ ಅಂದುಕೊಳ್ಳುತ್ತಾರೆ. ಅದು ಹಾಗಲ್ಲ, ಅಸಲಿಗೆ ಕೈ ಹಾಕುವುದೇ ಇಲ್ಲ, ಕತ್ತರಿ ಬೀಳುವುದು ಬಡ್ಡಿ ದರಕ್ಕೆ. ಅದೂ ಎರಡು ಸಲ. ಮೂರು ವರ್ಷ ಇಡುತ್ತೇನೆಂದು ಒಪ್ಪಿದ್ದಕ್ಕೆ ಶೇ. 7 ಸಿಕ್ಕಿತ್ತು. ಹಣ ಇದ್ದದ್ದು ಇಪ್ಪತ್ತೇ ತಿಂಗಳು, ಆದ್ದರಿಂದ ಮೊದಲು ಅಷ್ಟು ಅವಧಿಯ ದರಕ್ಕೆ ಇಳಿಸುತ್ತಾರೆ. ನನ್ನ ಬ್ಯಾಂಕಿನಲ್ಲಿ ಅದು ಶೇ. 6.8 ಇತ್ತು. ಆಮೇಲೆ ಅದರಿಂದ ದಂಡದ ಶೇ. 1 ಕಳೆದು, ಉಳಿದ ಶೇ. 5.8ರಂತೆ ಮೊದಲ ಕಂತಿನಿಂದಲೇ ಬಡ್ಡಿ ಲೆಕ್ಕ ಹಾಕುತ್ತಾರೆ.

ಕೈಗೆ ಬಂದ ಬಡ್ಡಿ ಸುಮಾರು 5,200 ರೂಪಾಯಿ. ಶೇ. 7ರ ಲೆಕ್ಕದಲ್ಲಿ 6,300ರ ಹತ್ತಿರ ಆಗಬೇಕಿತ್ತು. ಅಂದರೆ ಕಳೆದುಕೊಂಡದ್ದು 1,100 ರೂಪಾಯಿ. ಇಲ್ಲಿ ನೋಡಬೇಕಾದ ಒಂದು ಸಂಗತಿ ಇದೆ: ಕಡಿಮೆ ಅವಧಿಯ ದರ ನೀವು ಆರ್‌ಡಿ ತೆರೆದ ದಿನದ್ದಾಗಿರಬೇಕು, ಮುಚ್ಚುವ ದಿನದ್ದಲ್ಲ. ತೆರೆದ ದಿನದ ದರಪಟ್ಟಿಯನ್ನು ಕೇಳಿ ಪಡೆದು ತಾಳೆ ನೋಡಿ. ನೆಟ್ ಬ್ಯಾಂಕಿಂಗ್‌ನಲ್ಲಿ ಕೊನೆಯ ಸಲ ಒಪ್ಪಿಗೆ ಒತ್ತುವ ಮೊದಲು ಸಿಗುವ ಮೊತ್ತವೂ ದರವೂ ಕಾಣಿಸಿದವು. ನಾನು ಅಲ್ಲೇ ನಿಂತು ಲೆಕ್ಕ ಹಾಕಿದೆ, ಸರಿ ಇತ್ತು.

ಆರ್‌ಡಿ ಮೇಲೆ ಸಾಲ ತೆಗೆಯಬಹುದಿತ್ತಲ್ಲ ಎಂದು ಅಣ್ಣ ಕೇಳಿದ. ಅದನ್ನೂ ಯೋಚಿಸಿದ್ದೆ. ನನ್ನ ಬ್ಯಾಂಕ್ ಆರ್‌ಡಿ ದರದ ಮೇಲೆ ಶೇ. 2 ಸೇರಿಸಿ ಸಾಲ ಕೊಡುತ್ತಿತ್ತು, ಅಂದರೆ ಶೇ. 9. ಅರವತ್ತು ಸಾವಿರ ಎರಡು ತಿಂಗಳಿಗೆ ಸಾಕಿದ್ದರೆ ಬಡ್ಡಿ 900 ರೂಪಾಯಿ, ಆಗ ಸಾಲವೇ ಲೇಸು. ಆದರೆ ಮನೆ ಅಡ್ವಾನ್ಸ್ ವರ್ಷಗಟ್ಟಲೆ ವಾಪಸ್ ಬರುವ ಹಣವಲ್ಲ.

ಇಲ್ಲಿಯವರೆಗೆ ಬ್ಯಾಂಕಿನ ಮೇಲೆ ನನ್ನ ದೂರು ಏನೂ ಇಲ್ಲ. ತೊಂದರೆ ಶುರುವಾದದ್ದು ಆಮೇಲೆ.

ನನ್ನ ಸಂಬಳ ಬರುವುದು ಬೇರೆ ಬ್ಯಾಂಕಿಗೆ. ಅಲ್ಲಿಂದ ಪ್ರತಿ ತಿಂಗಳು 3ನೇ ತಾರೀಖು 5,000 ರೂಪಾಯಿ ಆರ್‌ಡಿ ಇದ್ದ ಬ್ಯಾಂಕಿನ ನನ್ನ ಉಳಿತಾಯ ಖಾತೆಗೆ ಹೋಗುವಂತೆ ಸ್ಟ್ಯಾಂಡಿಂಗ್ ಇನ್‌ಸ್ಟ್ರಕ್ಷನ್ ಹಾಕಿದ್ದೆ. 5ನೇ ತಾರೀಖು ಆ ಖಾತೆಯಿಂದ ಕಂತು ಕಡಿತ ಆಗುತ್ತಿತ್ತು. ಆರ್‌ಡಿ ಮುಚ್ಚಿದಾಗ ನಿಂತದ್ದು ಈ ಎರಡನೆಯ ಕಡಿತ ಮಾತ್ರ. ಮೊದಲನೆಯದು ಇನ್ನೊಂದು ಬ್ಯಾಂಕಿನಲ್ಲಿದೆ, ಆರ್‌ಡಿ ಮುಚ್ಚಿದ ವಿಷಯ ಅದಕ್ಕೆ ಗೊತ್ತಾಗುವ ದಾರಿಯೇ ಇಲ್ಲ. ಮಾರ್ಚ್‌ನಲ್ಲಿ 5,000 ಹೋಯಿತು, ನಾನು ಗಮನಿಸಲಿಲ್ಲ. ಏಪ್ರಿಲ್‌ನಲ್ಲಿ ಮತ್ತೆ ಹೋಯಿತು. ಹೊಸ ಮನೆಯ ಬಾಡಿಗೆ ಕಟ್ಟಿದ ಮೇಲೆ ಸಂಬಳದ ಖಾತೆಯಲ್ಲಿ ಹಣ ಸಾಲದೆ, 10ನೇ ತಾರೀಖು ಸ್ಕೂಟರ್ ಸಾಲದ ಇಎಂಐ ಬೌನ್ಸ್ ಆಯಿತು. ಬೌನ್ಸ್ ಶುಲ್ಕ 500, ಅದರ ಮೇಲೆ ಜಿಎಸ್‌ಟಿ 90, ಒಟ್ಟು 590 ರೂಪಾಯಿ. ಆ ಹೊತ್ತಿಗೆ ನನ್ನದೇ ಹತ್ತು ಸಾವಿರ ಇನ್ನೊಂದು ಖಾತೆಯಲ್ಲಿ ಸುಮ್ಮನೆ ಬಿದ್ದಿತ್ತು.

ಶಾಖೆಗೆ ಹೋದಾಗ ಕೌಂಟರಿನಲ್ಲಿದ್ದವರು ತಮ್ಮ ಪರದೆ ತಿರುಗಿಸಿ ತೋರಿಸಿದರು. "ನೋಡಿ ಸರ್, ಕೊನೆಯ ದಿನಾಂಕದ ಜಾಗದಲ್ಲಿ ರದ್ದು ಮಾಡುವವರೆಗೆ ಅಂತ ಇದೆ. 36 ಸಲ ಅಂತಲೂ ನೀವು ಹಾಕಿಲ್ಲ." ಅದು ನಿಜ. ಆರ್‌ಡಿ ಪೂರ್ತಿ ಮುಗಿದಿದ್ದರೂ ಈ ವರ್ಗಾವಣೆ ನಡೆಯುತ್ತಲೇ ಇರುತ್ತಿತ್ತು.

ಈಗ ಮಾಡುವುದಾದರೆ ನಾನು ಕ್ರಮ ತಿರುಗಿಸುತ್ತೇನೆ. ಮುಂದಿನ ವರ್ಗಾವಣೆಗೆ ಕನಿಷ್ಠ ಎರಡು ಕೆಲಸದ ದಿನ ಇರುವಾಗಲೇ ಸಂಬಳದ ಬ್ಯಾಂಕಿನಲ್ಲಿ ಇನ್‌ಸ್ಟ್ರಕ್ಷನ್ ರದ್ದು ಮಾಡಿ, ಮುಂಬರುವ ಪಾವತಿಗಳ ಪಟ್ಟಿಯಿಂದ ಅದು ಹೋಗಿದೆಯೇ ಎಂದು ನೋಡುತ್ತೇನೆ. ಆರ್‌ಡಿ ಮುಚ್ಚುವುದು ಆಮೇಲೆ. ಮುಂದಿನ ತಿಂಗಳ 3ನೇ ತಾರೀಖು ಸ್ಟೇಟ್‌ಮೆಂಟ್ ಇನ್ನೊಮ್ಮೆ ತೆರೆಯುತ್ತೇನೆ.

ಅಂಚೆ ಕಚೇರಿಯ ಆರ್‌ಡಿ ಇರುವವರಿಗೆ ನನ್ನ ಲೆಕ್ಕ ಹೊಂದುವುದಿಲ್ಲ. ಅದು ಐದು ವರ್ಷದ್ದು, ಮೂರು ವರ್ಷ ತುಂಬುವವರೆಗೆ ಮುರಿಸಲು ಬಿಡುವುದಿಲ್ಲ. ಆಮೇಲೆ ಮುರಿಸಿದರೂ ಉಳಿತಾಯ ಖಾತೆಯ ಶೇ. 4 ಬಡ್ಡಿಯಷ್ಟೇ. ಅಮ್ಮನ ಆರ್‌ಡಿಗೆ ನಾಲ್ಕು ವರ್ಷ ಆಗಿದೆ, ಅದನ್ನು ಮುಟ್ಟಬೇಡಿ ಎಂದು ಹೇಳಿದ್ದೇನೆ.

ಸಿಕ್ಕಿಬಿದ್ದಿದ್ದ ಹತ್ತು ಸಾವಿರವನ್ನು ವಾಪಸ್ ತಂದುಕೊಂಡೆ. ಜುಲೈನಲ್ಲಿ ಅದೇ ಬ್ಯಾಂಕಿನಲ್ಲಿ ಹನ್ನೆರಡು ತಿಂಗಳ ಹೊಸ ಆರ್‌ಡಿ ತೆರೆದಿದ್ದೇನೆ. ಸ್ಟ್ಯಾಂಡಿಂಗ್ ಇನ್‌ಸ್ಟ್ರಕ್ಷನ್‌ನಲ್ಲಿ ಈ ಸಲ 12 ಎಂದೇ ತುಂಬಿದ್ದೇನೆ.