ಮಲೆನಾಡಿನ ಮಳೆಗೆ 90 ಸೆಂ.ಮೀ. ಡಿಶ್: ಕೆಲವು ಮಳೆಗಾಲಗಳ ನಂತರ

60 ಸೆಂ.ಮೀ. ಡಿಶ್ ತೆಗೆಸಿ 90ರದ್ದು ಹಾಕಿಸಿದ್ದು ಒಂದೇ ಕಾರಣಕ್ಕೆ: ಸಂಜೆಯ ವಾರ್ತೆ ಹೊತ್ತಿಗೆ ಸರಿಯಾಗಿ ಪರದೆ ಚೌಕ ಚೌಕವಾಗಿ ಒಡೆದು ನಿಂತುಬಿಡುತ್ತಿತ್ತು.

ವಿಚಿತ್ರವೆಂದರೆ, ಜುಲೈನಲ್ಲಿ ದಿನವಿಡೀ ಸುರಿಯುವ ಜಡಿಮಳೆಗೆ ಚಿತ್ರ ಅಷ್ಟಾಗಿ ಹೋಗುವುದಿಲ್ಲ. ಕಾಟ ಕೊಡುವುದು ಮೇ ತಿಂಗಳ ಗುಡುಗು ಮಳೆ. ಇಲ್ಲಿ ಲೆಕ್ಕಕ್ಕೆ ಬರುವುದು ಒಟ್ಟು ಎಷ್ಟು ಬಿತ್ತು ಎಂಬುದಲ್ಲ, ಆ ಕ್ಷಣ ಎಷ್ಟು ಜೋರಾಗಿ ಬೀಳುತ್ತಿದೆ ಎಂಬುದು. ಈ ಡಿಶ್‌ಗಳಿಗೆ ಪ್ರಸಾರ ಬರುವ 12 ಗಿಗಾಹರ್ಟ್ಸ್ ಸುಮಾರಿನ ಕೆಯು ಬ್ಯಾಂಡಿನಲ್ಲಿ ಗಂಟೆಗೆ 5 ಮಿ.ಮೀ. ದರದ ಮಳೆ ಸಿಗ್ನಲ್‌ನಲ್ಲಿ ಕಿಲೋಮೀಟರಿಗೆ 0.2 ಡೆಸಿಬೆಲ್ ಕೂಡ ತಿನ್ನುವುದಿಲ್ಲ, 50 ಮಿ.ಮೀ. ದರದ್ದು ಎರಡಕ್ಕಿಂತ ಹೆಚ್ಚು ತಿನ್ನುತ್ತದೆ. ನಮ್ಮ ಡಿಶ್ ಆಗ್ನೇಯದ ಉಪಗ್ರಹಕ್ಕೆ ಮುಖಮಾಡಿದೆ. ಆ ಕಡೆ ಗುಡ್ಡದ ಮೇಲೆ ಮೋಡ ಕಪ್ಪಾದರೆ ಅಂಗಳಕ್ಕೆ ಹನಿ ಬೀಳುವ ಮೊದಲೇ ಚಿತ್ರ ಹೋಗುವುದುಂಟು. ಅಂಥ ಹೊತ್ತಿನಲ್ಲಿ ಸೆಟ್‌ಟಾಪ್ ಬಾಕ್ಸಿನ ಸಿಗ್ನಲ್ ಪುಟ ತೆರೆದು ಕೂರುವುದು ನನಗೆ ರೂಢಿ: ‘ಸ್ಟ್ರೆಂತ್’ ಪಟ್ಟಿ ಅಲುಗಾಡುವುದೇ ಕಡಿಮೆ, ‘ಕ್ವಾಲಿಟಿ’ ಸರ್ರನೆ ಇಳಿಯುತ್ತದೆ. ಮಳೆ ಸಿಗ್ನಲ್ ಹೀರುವುದಷ್ಟೇ ಅಲ್ಲ, ತನ್ನದೇ ಶಾಖದ ಗದ್ದಲವನ್ನೂ ಸೇರಿಸುತ್ತದೆ. ಹಾಗಾಗಿ 2 ಡೆಸಿಬೆಲ್ ನಷ್ಟ ಡಿಶ್‌ಗೆ ನಾಲ್ಕರ ಮೇಲಿನ ಪೆಟ್ಟಾಗುತ್ತದೆ.

ಕಂಪನಿಗಳ ಮೇಲೆ ನನಗಿದ್ದ ಸಿಟ್ಟು ಲೆಕ್ಕ ತಿಳಿದ ಮೇಲೆ ಸ್ವಲ್ಪ ತಣಿಯಿತು. ಅವರು ಆಯಾ ಪ್ರದೇಶದ ಮಳೆಯ ಅಂಕಿಅಂಶ ಇಟ್ಟುಕೊಂಡು, ವರ್ಷದಲ್ಲಿ ಎಷ್ಟು ಹೊತ್ತು ಸೇವೆ ನಿಂತರೆ ಪರವಾಗಿಲ್ಲ ಎಂದು ಮೊದಲೇ ನಿರ್ಧರಿಸಿ, ಅದಕ್ಕೆ ಬೇಕಾದಷ್ಟು ಮಾರ್ಜಿನ್, ಅಂದರೆ ಮಳೆ ತಿನ್ನಲೆಂದು ಬಿಟ್ಟ ಹೆಚ್ಚುವರಿ ಸಿಗ್ನಲ್, ಇಡುತ್ತಾರೆ. 99.9 ಶೇಕಡಾ ಎಂದರೂ ವರ್ಷಕ್ಕೆ ಸುಮಾರು 9 ಗಂಟೆ ಹೋಗುತ್ತದೆ, ಅದೂ ಬಹುಪಾಲು ಮಳೆಗಾಲದಲ್ಲೇ. ತಮ್ಮ ಕೇಂದ್ರದ ಮೇಲೆ ಮಳೆ ಬಂದರೆ ಉಪಗ್ರಹಕ್ಕೆ ಕಳಿಸುವ ಶಕ್ತಿಯನ್ನು ಅವರು ಹೆಚ್ಚಿಸಬಲ್ಲರು. ನಮ್ಮ ಮನೆ ಮೇಲಿನ ಮಳೆಗೆ ಹಾಗೆ ಮಾಡಲಾಗದು. ಬಳ್ಳಾರಿಗೂ ಆಗುಂಬೆಗೂ ಬರುವುದು ಒಂದೇ ಪ್ರಸಾರ. ಉಳಿದ ಮಾರ್ಜಿನ್ ಡಿಶ್ ಅಗಲದಿಂದಲೇ ಬರಬೇಕು.

60ರಿಂದ 90ಕ್ಕೆ ಹೋದರೆ 3.5 ಡೆಸಿಬೆಲ್ ಲಾಭ. ಒಂದು ಎಚ್‌ಡಿ ವಾಹಿನಿಗೆ ಸಿಗ್ನಲ್ ಗದ್ದಲಕ್ಕಿಂತ ಕನಿಷ್ಠ 8 ಡೆಸಿಬೆಲ್ ಮೇಲಿರಬೇಕು, ಬಿಸಿಲಿನಲ್ಲಿ ಹಳೆಯ ಡಿಶ್ 12 ಕೊಡುತ್ತಿತ್ತು ಎಂದುಕೊಳ್ಳಿ. ಮಾರ್ಜಿನ್ 4 ಇದ್ದದ್ದು 7.5 ಆಗುತ್ತದೆ. ಗದ್ದಲವನ್ನೂ ಸೇರಿಸಿದರೆ, ಮೊದಲು 2 ಡೆಸಿಬೆಲ್‌ನ ಮಳೆಗೇ ಹೋಗುತ್ತಿದ್ದ ಚಿತ್ರ ಈಗ ಹತ್ತಿರ ಹತ್ತಿರ 4ರವರೆಗೆ ತಡೆಯುತ್ತದೆ. ನಮ್ಮನೆಯಲ್ಲಿ ಆಗಿರುವುದೂ ಹೀಗೇ: ಮೇ ತಿಂಗಳ ದೊಡ್ಡ ಸಿಡಿಲಬ್ಬರಕ್ಕೆ ಈಗಲೂ ಹೋಗುತ್ತದೆ, ಆದರೆ ಬೇಗ ಮರಳುತ್ತದೆ, ಸಾಧಾರಣ ಮಳೆಗೆ ಹೋಗುವುದೇ ಇಲ್ಲ. ಮಳೆ ನಿಂತು ಅರ್ಧ ಗಂಟೆಯಾದರೂ ಚಿತ್ರ ಬಾರದಿದ್ದರೆ ಅದು ಮೋಡದ ಕೆಲಸವಲ್ಲ, ಕೇಬಲ್ ಕನೆಕ್ಟರಿಗೆ ನೀರು ಇಳಿದಿದೆಯೇ ನೋಡಿ.

ದೊಡ್ಡ ಡಿಶ್ ಗಾಳಿಗೆ ಹೆಚ್ಚು ಸಿಗುತ್ತದೆ, ದಿಕ್ಕು ಕೊಂಚ ತಪ್ಪಿದರೂ ಗಳಿಸಿದ್ದೆಲ್ಲ ಹೋಗುತ್ತದೆ. ಹಾಗಾಗಿ ಕಂಬವನ್ನು ಕಾಂಕ್ರೀಟಿನಲ್ಲೇ ನಿಲ್ಲಿಸಿ. ಚಿತ್ರ ಬಂತೆಂದು ಕೆಲಸದವರು ಇಳಿಯಲು ಬಿಡಬೇಡಿ; ಎಚ್‌ಡಿ ವಾಹಿನಿ ಹಾಕಿಸಿ, ‘ಕ್ವಾಲಿಟಿ’ ಇನ್ನು ಏರುವುದಿಲ್ಲ ಎನ್ನುವವರೆಗೂ ಡಿಶ್ ತಿರುಗಿಸಲು ಹೇಳಿ.