ಎಲೆಕ್ಟ್ರಾನಿಕ್ ಫ್ಲ್ಯಾಶರ್ ರಿಲೇ: ಎರಡೂವರೆ ವರ್ಷಗಳ ಬಳಕೆಯ ಅನುಭವ

2022ರ ಜೂನ್‌ನಲ್ಲಿ ಬಾಗಲಕೋಟೆಯ ನವನಗರದ ಒಂದು ಬಿಡಿಭಾಗಗಳ ಅಂಗಡಿಯಲ್ಲಿ 150 ರೂಪಾಯಿ ಕೊಟ್ಟು, ಇಂಡಿಕೇಟರ್ ದೀಪಗಳನ್ನು ಮಿನುಗಿಸುವ ಎರಡು ಪಿನ್ನಿನ ಎಲೆಕ್ಟ್ರಾನಿಕ್ ಫ್ಲ್ಯಾಶರ್ ರಿಲೇ ಒಂದನ್ನು ಕೊಂಡು, ನನ್ನ 125 ಸಿಸಿ ಬೈಕಿಗೆ ಹಾಕಿಸಿಕೊಂಡೆ. ಅದು 2025ರ ಫೆಬ್ರವರಿಯವರೆಗೆ ಕೆಲಸ ಮಾಡಿತು. ವಸ್ತು ಕೆಟ್ಟದ್ದೆಂದು ಹೇಳಲಾರೆ. ಆದರೆ ನನ್ನ ಬೈಕಿಗೆ ಅದು ಸರಿಯಾದ ಮದ್ದಾಗಿರಲಿಲ್ಲ, ಮತ್ತು ಅದು ನನಗೆ ತಿಳಿಯಲು ಐದು ತಿಂಗಳು ಹಿಡಿಯಿತು.

ಆಗ ಇದ್ದ ದೋಷ ಇಷ್ಟೇ: ಬಲಕ್ಕೆ ಸ್ವಿಚ್ ಹಾಕಿದರೆ ಇಂಡಿಕೇಟರ್ ಎಂದಿನಂತೆ ಮಿನುಗುತ್ತಿತ್ತು, ಎಡಕ್ಕೆ ಹಾಕಿದರೆ ಟಿಕ್ ಟಿಕ್ ಸದ್ದು ಅವಸರದಿಂದ ಬರುತ್ತಿತ್ತು. ಗಡಿಯಾರ ಹಿಡಿದು ಎಣಿಸಿದಾಗ ಬಲಕ್ಕೆ ನಿಮಿಷಕ್ಕೆ ಸುಮಾರು 80, ಎಡಕ್ಕೆ ಸುಮಾರು 150 ಬಾರಿ ಆಯಿತು. ನಿಮಿಷಕ್ಕೆ 60ರಿಂದ 120ರ ನಡುವೆ ಇರಬೇಕಾದದ್ದು ಸರಿಯಾದ ವೇಗ. ಗ್ಯಾರೇಜಿನವರು ಸದ್ದು ಕೇಳಿದ ಕೂಡಲೇ, "ರಿಲೇ ಹೋಗೇದರೀ ಸರ, ಬದಲಿ ಮಾಡಿಬಿಡ್ರಿ" ಎಂದರು. ನಾನೂ ಒಪ್ಪಿಕೊಂಡೆ. ಎಡಕ್ಕೂ ಬಲಕ್ಕೂ ಇರುವುದು ಒಂದೇ ರಿಲೇ, ಅದು ಬಲಕ್ಕೆ ಸರಿಯಾಗಿ ದುಡಿಯುತ್ತಿದ್ದರೆ ಎಡಕ್ಕೆ ಮಾತ್ರ ಹೇಗೆ ಕೆಡುತ್ತದೆ ಎಂಬ ಪ್ರಶ್ನೆ ನಮ್ಮಿಬ್ಬರಿಗೂ ಹೊಳೆಯಲಿಲ್ಲ. ಹೊಸ ರಿಲೇ ಹಾಕಿದ ಮೇಲೆ ಎರಡೂ ಕಡೆ ಒಂದೇ ವೇಗ ಬಂತು, ಕೆಲಸ ಮುಗಿಯಿತೆಂದು ಮನೆಗೆ ಬಂದೆ.

ನವೆಂಬರ್‌ನಲ್ಲಿ ಕಬ್ಬಿನ ಹಂಗಾಮು ಶುರುವಾಗಿ, ಮುಧೋಳದ ರಸ್ತೆಯ ತುಂಬ ಡಬಲ್ ಟ್ರೇಲರಿನ ಟ್ರ್ಯಾಕ್ಟರುಗಳು ಓಡಾಡುತ್ತಿದ್ದ ಒಂದು ಸಂಜೆ, ನನ್ನ ಹಿಂದೆಯೇ ಬೇರೆ ಬೈಕಿನಲ್ಲಿ ಬರುತ್ತಿದ್ದ ನನ್ನ ತಮ್ಮ, ಊರು ಮುಟ್ಟಿದ ಮೇಲೆ ಕೇಳಿದ: "ಅಣ್ಣಾ, ಎಡಕ್ಕ ಹೊಳ್ಳುವಾಗ ಇಂಡಿಕೇಟರ್ ಯಾಕ ಹಾಕಲಿಲ್ಲ?" ನಾನು ಹಾಕಿದ್ದೆ. ಸದ್ದೂ ಬಂದಿತ್ತು, ಮುಂದಿನ ದೀಪವೂ ಮಿನುಗಿತ್ತು. ಹಿಂದಿನ ಎಡದೀಪ ಮಾತ್ರ ಉರಿದಿರಲಿಲ್ಲ, ಮತ್ತು ಬಹುಶಃ ಜೂನ್‌ನಿಂದಲೂ ಉರಿಯುತ್ತಿರಲಿಲ್ಲ.

ನನ್ನ ಬೈಕಿನ ಹಳೆಯ ರಿಲೇ ತನ್ನ ಮೂಲಕ ಹರಿಯುವ ಕರೆಂಟನ್ನು ಆಧರಿಸಿ ಮಿನುಗುವಂಥದ್ದು. ಒಂದು ಬದಿಗೆ 10 ವ್ಯಾಟಿನ ಎರಡು ಬಲ್ಬುಗಳಿದ್ದು, ಎರಡೂ ಉರಿದಾಗ ಸುಮಾರು 1.7 ಆಂಪಿಯರ್ ಹರಿಯುತ್ತದೆ. ಒಂದು ಆರಿದರೆ ಅದು ಅರ್ಧಕ್ಕಿಳಿದು ಮಿನುಗುವ ವೇಗ ಏರುತ್ತದೆ. (ಇನ್ನು ಕೆಲವು ರಿಲೇಗಳು ಇಂಥ ಸಂದರ್ಭದಲ್ಲಿ ಮಿನುಗುವುದನ್ನೇ ಬಿಟ್ಟು ದೀಪವನ್ನು ಒಂದೇ ಸಮನೆ ಉರಿಸುತ್ತವೆ.) ಅಂದರೆ ಆ ಅವಸರದ ಸದ್ದು ರಿಲೇಯ ಕಾಯಿಲೆಯಾಗಿರಲಿಲ್ಲ, ಎಡಬದಿಯ ಒಂದು ದೀಪ ಉರಿಯುತ್ತಿಲ್ಲವೆಂಬ ಸೂಚನೆಯಾಗಿತ್ತು. ನಾನು ಕೊಂಡ ಎಲೆಕ್ಟ್ರಾನಿಕ್ ರಿಲೇ ಎಷ್ಟು ಬಲ್ಬು ಉರಿದರೂ ಒಂದೇ ವೇಗದಲ್ಲಿ ಮಿನುಗಿಸುವ ಬಗೆಯದು. ಅದು ದೋಷವನ್ನು ಸರಿಪಡಿಸದೆ ಸೂಚನೆಯನ್ನು ಮಾತ್ರ ಅಳಿಸಿಹಾಕಿತ್ತು.

ಮರುದಿನ ಬೆಳಗ್ಗೆ ದೀಪದ ಗಾಜು ಬಿಚ್ಚಿ ಬಲ್ಬನ್ನು ಹೊರತೆಗೆದೆ. ಒಳಗಿನ ತಂತಿ ತುಂಡಾಗಿರಲಿಲ್ಲ. ಅದನ್ನೇ ಬಲಬದಿಗೆ ಹಾಕಿದಾಗ ಚೆನ್ನಾಗಿ ಉರಿಯಿತು. ಹಾಗಾದರೆ ಬಲ್ಬಿನದಲ್ಲ. ಮುಂದಿನ ಪರೀಕ್ಷೆಗೆ ದೀಪ ಮಿನುಗದೆ ಸ್ಥಿರವಾಗಿ ಉರಿಯಬೇಕಾಗಿತ್ತು, ಏಕೆಂದರೆ ಮಿನುಗುವಾಗ ಮೀಟರಿನ ಅಂಕಿ ನಿಲ್ಲುವುದಿಲ್ಲ. ಅದಕ್ಕಾಗಿ ರಿಲೇಯನ್ನು ಸಾಕೆಟ್ಟಿನಿಂದ ಕಿತ್ತು, ಬ್ಯಾಟರಿಯ ಕಡೆಯ ಬಿ ಮತ್ತು ದೀಪಗಳ ಕಡೆಯ ಎಲ್ ಎಂಬ ಅದರ ಎರಡು ತೂತುಗಳಿಗೆ ಒಂದು ವೈರಿನ ತುಂಡನ್ನು ಸಿಕ್ಕಿಸಿ, ಕೀಲಿ ಹಾಕಿ ಎಡಕ್ಕೆ ಸ್ವಿಚ್ ತಿರುಗಿಸಿದೆ. ಈ ಕೆಲಸ ಮಾಡುವವರು ಆ ವೈರು ಬೈಕಿನ ಲೋಹಕ್ಕೆ ತಗಲದಂತೆ ನೋಡಿಕೊಳ್ಳಬೇಕು, ತಗಲಿದರೆ ಫ್ಯೂಜ್ ಹೋಗುತ್ತದೆ. ಮುಂದಿನ ದೀಪ ಪೂರ್ತಿ ಉರಿಯಿತು. ಹಿಂದಿನದನ್ನು ಅಂಗೈಯಿಂದ ಮರೆಮಾಡಿ ನೋಡಿದರೆ, ಒಳಗಿನ ತಂತಿ ಆರುತ್ತಿರುವ ಊದಿನಕಡ್ಡಿಯ ತುದಿಯಷ್ಟು ಕೆಂಪಗಿತ್ತು.

ಮೀಟರಿನ ಕಪ್ಪು ವೈರನ್ನು ಬ್ಯಾಟರಿಯ ಮೈನಸ್ಸಿಗೆ, ಕೆಂಪನ್ನು ಆ ಬಲ್ಬಿನ ಲೋಹದ ಮೈಗೆ ಹಿಡಿದೆ. ಕರೆಂಟು ಬ್ಯಾಟರಿಯ ಮೈನಸ್ಸಿಗೆ ವಾಪಸು ಹೋಗುವ ದಾರಿಯಾದ ಅರ್ಥಿಂಗ್ ಸರಿ ಇದ್ದರೆ ಅಲ್ಲಿ ಹೆಚ್ಚುಕಡಿಮೆ ಸೊನ್ನೆ ಬರಬೇಕು. ನನಗೆ 10 ವೋಲ್ಟಿಗಿಂತ ಹೆಚ್ಚು ಬಂತು. ಬ್ಯಾಟರಿಯ 12 ವೋಲ್ಟಿನಲ್ಲಿ ಹತ್ತು ವೋಲ್ಟು ಅರ್ಥಿಂಗಿನ ಜೋಡಣೆಯಲ್ಲೇ ಕಳೆದುಹೋಗಿ, ಬಲ್ಬಿಗೆ ಎರಡು ವೋಲ್ಟೂ ಸರಿಯಾಗಿ ಉಳಿಯುತ್ತಿರಲಿಲ್ಲ. ಮೀಟರ್ ಇಲ್ಲದವರು ಒಂದು ಉದ್ದನೆಯ ವೈರಿನಿಂದ ಬಲ್ಬಿನ ಮೈಯನ್ನು ನೇರವಾಗಿ ಬ್ಯಾಟರಿಯ ಮೈನಸ್ಸಿಗೆ ಮುಟ್ಟಿಸಿದರೂ ಸಾಕು: ದೀಪ ಥಟ್ಟನೆ ಪ್ರಕಾಶಮಾನವಾದರೆ ದೋಷ ಅರ್ಥಿಂಗಿನಲ್ಲಿಯೇ ಇದೆ.

ನನ್ನ ಬೈಕಿನಲ್ಲಿ ಆ ದೀಪದ ಅರ್ಥಿಂಗ್ ವೈರಿನ ಉಂಗುರ ಹಿಂದಿನ ಮಡ್‌ಗಾರ್ಡಿನ ಒಳಗಿನ ಒಂದು ಬೋಲ್ಟಿನ ಕೆಳಗಿತ್ತು. ಅದರ ಮೇಲೆ ನಮ್ಮ ಎರೆಮಣ್ಣು ಹೆಪ್ಪುಗಟ್ಟಿ ಕೂತಿತ್ತು. ಈ ಮಣ್ಣು ನೀರನ್ನು ಬೇಗ ಬಿಟ್ಟುಕೊಡುವುದಿಲ್ಲ; ಮಳೆ ನಿಂತು ವಾರವಾದರೂ ಒಳಪದರು ತೇವವಾಗಿಯೇ ಇರುತ್ತದೆ. ಉಂಗುರದ ಕೆಳಗೆ ತುಕ್ಕು ಹಾಳೆಯಂತೆ ಎದ್ದಿತ್ತು. ಉಪ್ಪುಕಾಗದದಿಂದ ಉಂಗುರವನ್ನೂ ಬೋಲ್ಟು ಕೂರುವ ಜಾಗವನ್ನೂ ಹೊಳೆಯುವವರೆಗೆ ಉಜ್ಜಿ, ಹಲ್ಲಿನ ವಾಷರ್ ಹಾಕಿ ಬಿಗಿದು, ಮೇಲೆ ವ್ಯಾಸಲೀನ್ ಹಚ್ಚಿದೆ. ಮೀಟರ್ 0.1 ವೋಲ್ಟಿಗೆ ಇಳಿಯಿತು. ಹಿಂದಿನ ಎಲ್ಲ ದೀಪಗಳಿಗೂ ಒಂದೇ ಅರ್ಥಿಂಗ್ ಇರುವ ಗಾಡಿಗಳಲ್ಲಿ ಲಕ್ಷಣ ಬೇರೆಯಾಗುತ್ತದೆ. ಅಲ್ಲಿ ಕರೆಂಟು ವಾಪಸು ಹೋಗಲು ಬೇರೆ ಬಲ್ಬುಗಳ ಮೂಲಕ ದಾರಿ ಹುಡುಕುವುದರಿಂದ, ಎಡಕ್ಕೆ ಸ್ವಿಚ್ ಹಾಕಿದಾಗ ಬಲದೀಪವೋ ಹಿಂದಿನ ಕೆಂಪು ದೀಪವೋ ಜೊತೆಗೆ ಮಂದವಾಗಿ ಮಿಣುಕುತ್ತದೆ. ಅದನ್ನು ಕಂಡರೆ ಬಲ್ಬಿಗೂ ರಿಲೇಗೂ ದುಡ್ಡು ಹಾಕದೆ ನೇರವಾಗಿ ಅರ್ಥಿಂಗಿಗೆ ಕೈಹಾಕಬಹುದು.

2025ರ ಫೆಬ್ರವರಿಯಲ್ಲಿ ಎರಡೂ ಬದಿ ಒಮ್ಮೆಲೇ ನಿಂತುಹೋದವು. ನಾಲ್ಕು ಬಲ್ಬುಗಳು ಒಟ್ಟಿಗೆ ಹೋಗುವುದು ಅಪರೂಪ. ನನ್ನ ಬೈಕಿನಲ್ಲಿ ಹಾರ್ನಿಗೂ ಇಂಡಿಕೇಟರಿಗೂ ಒಂದೇ ಫ್ಯೂಜ್. ಹಾರ್ನ್ ಕೂಗುತ್ತಿದ್ದುದರಿಂದ ಫ್ಯೂಜ್ ಸರಿ ಇತ್ತು. ಅದೇ ವೈರಿನ ತುಂಡನ್ನು ಸಾಕೆಟ್ಟಿಗೆ ಸಿಕ್ಕಿಸಿದಾಗ ಸ್ವಿಚ್ ಹಾಕಿದ ಬದಿಯ ದೀಪಗಳೆರಡೂ ಪೂರ್ತಿ ಉರಿದವು. ಈ ಸಲ ಮಾತ್ರ ನಿಜವಾಗಿಯೂ ರಿಲೇ ಹೋಗಿತ್ತು. ಆಗಲೂ ದೀಪ ಉರಿಯದಿದ್ದರೆ ಬಿ ತೂತಿಗೆ 12 ವೋಲ್ಟು ಬರುತ್ತಿದೆಯೇ ಎಂದು ನೋಡಿ, ಬಂದರೆ ಹ್ಯಾಂಡಲಿನ ಸ್ವಿಚ್ಚನ್ನು ಬಿಚ್ಚಬೇಕಾಗುತ್ತಿತ್ತು.

ಎಲ್‌ಇಡಿ ಇಂಡಿಕೇಟರ್ ಹಾಕಿಸಿಕೊಂಡವರಿಗೆ ಈ ಎಲೆಕ್ಟ್ರಾನಿಕ್ ರಿಲೇಯೇ ಬೇಕು, ಏಕೆಂದರೆ ಎಲ್‌ಇಡಿ ಎಳೆಯುವ ಅಲ್ಪ ಕರೆಂಟಿಗೆ ಹಳೆಯ ಬಗೆಯದು ಅತಿವೇಗದಲ್ಲಿ ಮಿನುಗುತ್ತದೆ ಅಥವಾ ಮಿನುಗುವುದೇ ಇಲ್ಲ. ಆದರೆ ನನ್ನಂತೆ 10 ವ್ಯಾಟಿನ ಬಲ್ಬುಗಳನ್ನೇ ಇಟ್ಟುಕೊಂಡವರಿಗೆ ನಾನು ಇದನ್ನು ಶಿಫಾರಸು ಮಾಡುವುದಿಲ್ಲ. ನಾನು ಮತ್ತೆ ಹಳೆಯ ಬಗೆಯದನ್ನೇ ಹಾಕಿಸಿದ್ದೇನೆ. ಹೋದ ವಾರ ವಿದ್ಯಾಗಿರಿಯ ಹತ್ತಿರ ಬಲಕ್ಕೆ ಸ್ವಿಚ್ ಹಾಕಿದಾಗ ಸದ್ದು ಅವಸರವಾಯಿತು. ಬದಿಗೆ ನಿಲ್ಲಿಸಿ ನೋಡಿದೆ, ಮುಂದಿನ ಬಲ್ಬಿನ ಗಾಜು ಒಳಗಡೆ ಕಪ್ಪಾಗಿತ್ತು.