ನ್ಯೂಟನ್ ಮೀಟರನ್ನು ಪೌಂಡ್-ಫೀಟ್‌ಗೆ ಬದಲಿಸುವಾಗ ಅಂಕಿ ದೊಡ್ಡದಾದರೆ ಬೋಲ್ಟ್ ಮುಟ್ಟಬೇಡಿ

ಹೊರದೇಶದ ಮ್ಯಾನುಯಲ್ ನೋಡಿ ಬೋಲ್ಟ್ ಬಿಗಿ ಮಾಡುವವರು, ಮಾಡಿಸುವವರು ಇದನ್ನು ದಯವಿಟ್ಟು ಓದಿ. ನನ್ನ ಬೈಕಿನ ಎಂಜಿನ್ ಕೇಸ್ ಹಾಳಾಗಿದ್ದು ಒಂದು ಗುಣಾಕಾರದಿಂದ.

ಮ್ಯಾನುಯಲ್‌ನಲ್ಲಿ ಆಯಿಲ್ ಡ್ರೈನ್ ಬೋಲ್ಟಿಗೆ 24 ನ್ಯೂಟನ್ ಮೀಟರ್ ಅಂತ ಇದೆ. ವರ್ಕ್‌ಶಾಪಿನ ಟಾರ್ಕ್ ರೆಂಚಿನಲ್ಲಿ ಇದ್ದದ್ದು ಪೌಂಡ್-ಫೀಟ್ ಗುರುತು ಮಾತ್ರ. ಮೆಕ್ಯಾನಿಕ್ ಏನೋ ಲೆಕ್ಕ ಹಾಕಿದರು, ರೆಂಚ್ ಸೆಟ್ ಮಾಡಿದರು, ಕ್ಲಿಕ್ ಅನ್ನುವವರೆಗೆ ಎಳೆದರು. ಆಯಿಲ್ ಸೋರಲಿಲ್ಲ, ಹಾಗಾಗಿ ಯಾರಿಗೂ ಅನುಮಾನ ಬರಲಿಲ್ಲ. ಮುಂದಿನ ಸಲ ಆಯಿಲ್ ಬದಲಿಸಲು ಬಿಚ್ಚಿದಾಗ ಬೋಲ್ಟ್ ಕೊನೆಯವರೆಗೂ ಗಟ್ಟಿಯಾಗಿಯೇ ತಿರುಗಿತು, ಹೊರಗೆ ಬಂದಾಗ ಅದರ ಥ್ರೆಡ್ ತುಂಬ ಹೊಳೆಯುವ ಅಲ್ಯೂಮಿನಿಯಂ ಸುರುಳಿ. ಅಂದರೆ ಕೇಸಿನ ಒಳಗಿನ ಥ್ರೆಡ್ ಕಿತ್ತು ಬೋಲ್ಟಿನ ಜೊತೆ ಬಂದಿತ್ತು. ಬೋಲ್ಟ್ ಉಕ್ಕಿನದು, ಕೇಸ್ ಅಲ್ಯೂಮಿನಿಯಂ. ಜಾಸ್ತಿ ಎಳೆದರೆ ಸೋಲುವುದು ಕೇಸೇ.

"ಮ್ಯಾನುಯಲ್ ನೋಡಿಯೇ ಬಿಗಿ ಮಾಡಿದ್ದು ಸರ್" ಅಂದರು ಅವರು. ಅದು ಸುಳ್ಳಲ್ಲ. ಹಳೆಯ ಬಿಲ್ ತೆಗೆದು ನೋಡಿದರೆ ಅದರ ಹಿಂದೆ ಲೆಕ್ಕ ಹಾಗೇ ಇತ್ತು: 24 × 1.356 = 32.5.

ತಪ್ಪಾಗಿದ್ದು ಅಲ್ಲಿ. 1.356 ಅನ್ನುವುದು ಸರಿಯಾದ ಸಂಖ್ಯೆಯೇ, ಆದರೆ ಅದು ಉಲ್ಟಾ ದಿಕ್ಕಿನದು. 1 ಪೌಂಡ್-ಫೀಟ್ ಅಂದರೆ 1.356 ನ್ಯೂಟನ್ ಮೀಟರ್. ಒಂದು ಪೌಂಡ್ ಬಲ ಸುಮಾರು 4.45 ನ್ಯೂಟನ್, ಒಂದು ಅಡಿ 0.305 ಮೀಟರ್, ಎರಡನ್ನೂ ಗುಣಿಸಿದರೆ ಬರುವುದು ಅದೇ. ಪೌಂಡ್-ಫೀಟ್ ದೊಡ್ಡ ಅಳತೆ, ಆದ್ದರಿಂದ ಅದೇ ಬಿಗಿಗೆ ಅಂಕಿ ಚಿಕ್ಕದಾಗಬೇಕು ಅಲ್ವಾ? ನ್ಯೂಟನ್ ಮೀಟರ್‌ನಿಂದ ಪೌಂಡ್-ಫೀಟ್‌ಗೆ ಹೋಗುವಾಗ 1.356ರಿಂದ ಭಾಗಿಸಬೇಕು, ಇಲ್ಲವೇ 0.7376ರಿಂದ ಗುಣಿಸಬೇಕು. ಸರಿಯಾದ ಲೆಕ್ಕ 24 × 0.7376 = 17.7. ರೆಂಚ್ ಇಡಬೇಕಾಗಿದ್ದು ಸುಮಾರು 18ಕ್ಕೆ, ಇಟ್ಟಿದ್ದು 32.5ಕ್ಕೆ.

ಎಷ್ಟು ಜಾಸ್ತಿಯಾಯಿತು ಅಂತ ನೋಡಿ. 32.5 ಪೌಂಡ್-ಫೀಟ್ ಅಂದರೆ 44 ನ್ಯೂಟನ್ ಮೀಟರ್. ಬದಲಿಸುವುದನ್ನೇ ಮರೆತು ಸುಮ್ನೆ 24 ಪೌಂಡ್-ಫೀಟ್‌ಗೆ ಇಟ್ಟಿದ್ದರೂ 32.5 ನ್ಯೂಟನ್ ಮೀಟರ್ ಆಗುತ್ತಿತ್ತು, ಅದು ಶೇಕಡಾ 36 ಜಾಸ್ತಿ. ದಿಕ್ಕು ತಪ್ಪಿ ಗುಣಿಸಿದರೆ ಅದೇ ತಪ್ಪು ಎರಡು ಸಲ ಸೇರುತ್ತದೆ, 1.356ನ್ನು 1.356ರಿಂದಲೇ ಗುಣಿಸಿದ ಹಾಗೆ, ಅಂದರೆ ಶೇಕಡಾ 84 ಜಾಸ್ತಿ. ನನಗೆ ಎಲ್ಲಕ್ಕಿಂತ ಭಯ ಹುಟ್ಟಿಸಿದ್ದು ಇದೇ: ಲೆಕ್ಕ ಹಾಕದವನಿಗಿಂತ ಉಲ್ಟಾ ಲೆಕ್ಕ ಹಾಕಿದವನು ಹೆಚ್ಚು ಹಾನಿ ಮಾಡುತ್ತಾನೆ, ಅದೂ ಪೂರ್ತಿ ನಂಬಿಕೆಯಿಂದ.

ಹಾಗಾಗಿ ರೆಂಚ್ ಸೆಟ್ ಮಾಡುವ ಮೊದಲು ಒಂದೇ ಒಂದು ವಿಷಯ ನೋಡಿ. ಪೌಂಡ್-ಫೀಟ್ ಅಂಕಿ ಮ್ಯಾನುಯಲ್‌ನ ನ್ಯೂಟನ್ ಮೀಟರ್ ಅಂಕಿಯ ಮುಕ್ಕಾಲು ಭಾಗದ ಹತ್ತಿರ ಇರಬೇಕು. 24ರ ಮುಕ್ಕಾಲು 18, 40ರ ಮುಕ್ಕಾಲು 30. ನಿಜವಾದ ಬೆಲೆಗಳು 17.7 ಮತ್ತು 29.5. ಈ ವ್ಯತ್ಯಾಸ ಶೇಕಡಾ 2ಕ್ಕಿಂತ ಕಡಿಮೆ, ತಪ್ಪು ಹಿಡಿಯಲು ಅಷ್ಟು ಸಾಕು. ಅಂಕಿ ದೊಡ್ಡದಾಗಿ ಬಂದರೆ ಅಲ್ಲೇ ನಿಲ್ಲಿಸಿ.

ಸಣ್ಣ ಬೋಲ್ಟುಗಳಲ್ಲಿ ಇನ್ನೊಂದು ಅಪಾಯ ಇದೆ. ಕೆಲವು ರೆಂಚುಗಳಲ್ಲಿ ಪೌಂಡ್-ಫೀಟ್ ಅಲ್ಲ, ಪೌಂಡ್-ಇಂಚ್ ಇರುತ್ತದೆ, ಇವೆರಡರ ನಡುವೆ 12 ಪಟ್ಟು ವ್ಯತ್ಯಾಸ. 10 ನ್ಯೂಟನ್ ಮೀಟರ್ ಅಂದರೆ 7.4 ಪೌಂಡ್-ಫೀಟ್, ಅಥವಾ 88.5 ಪೌಂಡ್-ಇಂಚ್. ಆ 88ನ್ನು ಪೌಂಡ್-ಫೀಟ್ ರೆಂಚಿಗೆ ಇಟ್ಟರೆ 6 ಎಂಎಂ ಬೋಲ್ಟ್ ಕ್ಲಿಕ್ ಬರುವ ಮೊದಲೇ ಮುರಿಯುತ್ತದೆ.

ಬಿಗಿ ಮಾಡುವಾಗ ಕೈಗೂ ಗೊತ್ತಾಗುತ್ತದೆ. ವಾಷರ್ ಕೂತ ಮೇಲೆ ಬಿಗಿ ಒಂದೇ ಸಮ ಏರಬೇಕು. ರೆಂಚ್ ತಿರುಗುತ್ತಲೇ ಇದೆ, ಬಿಗಿ ಮಾತ್ರ ಏರುತ್ತಿಲ್ಲ, ಕ್ಲಿಕ್ಕೂ ಬರುತ್ತಿಲ್ಲ ಅಂದರೆ ಥ್ರೆಡ್ ಆಗಲೇ ಸೋಲುತ್ತಿದೆ. ಕ್ಲಿಕ್ ಬರಲಿ ಅಂತ ಕಾಯಬೇಡಿ, ಬಿಡಿ.

ನನ್ನ ಕೇಸಿನ ತೂತನ್ನು ಡ್ರಿಲ್‌ನಿಂದ ದೊಡ್ಡದು ಮಾಡಿ, ಹೊಸದಾಗಿ ಟ್ಯಾಪ್ ಹೊಡೆದು, ಉಕ್ಕಿನ ಥ್ರೆಡ್ ಇನ್ಸರ್ಟ್ ಹಾಕಿಸಬೇಕಾಯಿತು. ಈ ಕೆಲಸ ಮಾಡಿಸುವವರು ಟ್ಯಾಪಿಗೆ ಗ್ರೀಸ್ ಹಚ್ಚಲು ಹೇಳಿ, ಚೂರುಗಳು ಅದಕ್ಕೆ ಅಂಟುತ್ತವೆ. ಆಮೇಲೆ ಸ್ವಲ್ಪ ಹೊಸ ಆಯಿಲ್ ಸುರಿದು ಅದೇ ತೂತಿನಿಂದ ಹೊರಗೆ ಹರಿಸಿ, ಲೋಹದ ಚೂರು ಒಳಗೆ ಉಳಿಯಬಾರದು. ಹೊಸ ವಾಷರ್ ಹಾಕಿ, ರೆಂಚನ್ನು ನಿಮ್ಮ ಮ್ಯಾನುಯಲ್‌ನಿಂದ ಸರಿಯಾಗಿ ಬದಲಿಸಿದ ಅಂಕಿಗೆ ಇಡಿಸಿ, ಅವರು ಎಳೆಯುವ ಮೊದಲು ಆ ಅಂಕಿಯನ್ನು ನೀವೇ ಕಣ್ಣಾರೆ ನೋಡಿ.